ಆಕೆಗೆ ಕೇಳಿಸಿತ್ತು

ಚಿಕ್ಕಮ್ಮನ ಮಗಳು ಎಂಬಿಬಿಎಸ್ ಕೊನೇ ವರ್ಷದಲ್ಲಿದ್ದಾಳೆ. ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದಳು.

"ಅಕ್ಕ, ಮಲಗಿಬಿಟ್ಯಾ?"

"ಇಲ್ಲ ಕಣೆ, ಹೇಳು."

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮನೇಲಿ ಎಲ್ಲರೂ ಹೇಗಿದ್ದಾರೆ, ಪುಟ್ಟನಿಗೆ ಜ್ವರ ಬಿಡ್ತಾ ಅಂತೆಲ್ಲ ಕೇಳಿದಳು. ಆಮೇಲೆ ವಿಷಯಕ್ಕೆ ಬಂದಳು. ಅವತ್ತು ಅವಳಿಗೆ ಓಟಿ ಪೋಸ್ಟಿಂಗ್. ಗರ್ಭಕೋಶ ತೆಗೆಯುವ ಆಪರೇಷನ್. ಪೇಷೆಂಟಿಗೆ ಅನಸ್ತೇಷಿಯಾ ಕೊಟ್ಟಾದ ಮೇಲೆ, ಮೈ ಕ್ಲೀನ್ ಮಾಡಿ ಬಟ್ಟೆ ಹೊದಿಸುವ ಮೊದಲು, ಸರ್ ಅಲ್ಲಿದ್ದ ನಾಲ್ಕು ಜನ ಸ್ಟೂಡೆಂಟ್ಸ್ ಕಡೆ ತಿರುಗಿ, "ಗ್ಲೌಸ್ ಹಾಕ್ಕೊಳ್ಳಿ, ಒಬ್ಬೊಬ್ಬರಾಗಿ ಬಂದು ಪಿವಿ ಮಾಡಿ. ವಾರ್ಡಲ್ಲಿ ಇಂಥ ಚಾನ್ಸ್ ಸಿಗಲ್ಲ" ಅಂದರಂತೆ. ಪಿವಿ ಅಂದರೆ ಯೋನಿಯೊಳಗೆ ಎರಡು ಬೆರಳಿಟ್ಟು ಮಾಡುವ ಒಳಪರೀಕ್ಷೆ. ಇವಳು ಮೂರನೆಯವಳು. ಮಾಡಿದಳು.

"ಗರ್ಭಕೋಶ ಕೈಗೆ ಸಿಕ್ತು ಅಕ್ಕ. ಮೊದಲನೇ ಸಲ ಸರಿಯಾಗಿ ಸಿಕ್ಕಿದ್ದು. ಖುಷಿ ಆಯ್ತು. ಹಾಸ್ಟೆಲಿಗೆ ಬಂದು ಊಟಕ್ಕೆ ಕೂತಾಗ, ಆ ಆಂಟಿಗೆ ಇದು ಗೊತ್ತಿತ್ತಾ ಅಂತ ಅನ್ನಿಸಿಬಿಡ್ತು. ಅವರಿಗೆ ಗೊತ್ತಿರಲಿಲ್ಲ ಅಲ್ವಾ?"

ನಾನು ಸ್ತ್ರೀರೋಗ ತಜ್ಞೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು. ಆ ಪ್ರಶ್ನೆಗೆ "ಅದೆಲ್ಲ ಮಾಮೂಲಿ, ಮಲಗು" ಅಂತ ಹೇಳಿ ಫೋನ್ ಇಡಬಹುದಿತ್ತು. ನನಗೂ ಒಬ್ಬರು ಹಾಗೇ ಹೇಳಿದ್ದರು.

ನನ್ನ ಕಥೆ ಇದಕ್ಕಿಂತ ಕೆಟ್ಟದು. ಆಗ ನಾನೂ ಸ್ಟೂಡೆಂಟು, ಕಾಲೇಜಿನ ಹೆಸರು ಬೇಡ. ಅವತ್ತಿನ ಪೇಷೆಂಟಿಗೆ ಸ್ಪೈನಲ್ ಕೊಟ್ಟಿದ್ದರು, ಅಂದರೆ ಬೆನ್ನಿಗೆ ಕೊಡುವ ಇಂಜೆಕ್ಷನ್. ನಮ್ಮ ಕಡೆ ಗರ್ಭಕೋಶದ ಎಷ್ಟೋ ಆಪರೇಷನ್ ಸ್ಪೈನಲ್‌ನಲ್ಲೇ ಆಗುತ್ತವೆ. ಸೊಂಟದಿಂದ ಕೆಳಗೆ ನೋವು ಗೊತ್ತಾಗಲ್ಲ, ಕಾಲು ಅಲ್ಲಾಡಿಸೋಕೆ ಆಗಲ್ಲ. ಆದರೆ ಪೇಷೆಂಟಿಗೆ ಎಚ್ಚರ ಇರುತ್ತೆ. ಗಾಬರಿ ಆಗದಿರಲಿ ಅಂತ ಒಂದಿಷ್ಟು ಮಂಪರಿನ ಔಷಧಿ ಕೊಟ್ಟರೂ, ಮಂಪರಿನಲ್ಲಿ ಕಿವಿ ಮುಚ್ಚಿರುತ್ತೆ ಅಂತೇನಿಲ್ಲ. ಎದೆಯ ಹತ್ತಿರ ಒಂದು ಹಸಿರು ಬಟ್ಟೆ ಅಡ್ಡ ಕಟ್ಟಿರುತ್ತಾರೆ. ಆ ಕಡೆ ಅವರ ಮುಖ, ಈ ಕಡೆ ನಾವು. ನಾವು ಐದು ಜನ ಸಾಲಾಗಿ ನಿಂತಿದ್ದೆವು. ಒಬ್ಬರದು ಮುಗಿದ ಕೂಡಲೇ ಸೀನಿಯರ್ "ನೆಕ್ಸ್ಟ್" ಅನ್ನುತ್ತಿದ್ದರು.

ಮಾರನೇ ದಿನ ಬಿಪಿ ನೋಡೋಕೆ ವಾರ್ಡಿಗೆ ಹೋದಾಗ ಆ ಹೆಂಗಸು ನನ್ನ ಕೈ ಹಿಡಿದು, ಪಕ್ಕದ ಬೆಡ್ಡಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದರು. "ನಿನ್ನೆ ಎಷ್ಟು ಜನ ನೋಡಿದ್ರಿ ಮಗಾ? ನೆಕ್ಸ್ಟ್ ನೆಕ್ಸ್ಟ್ ಅಂತಿದ್ರಲ್ಲ."

ನಾನೇನು ಹೇಳಿದೆ ಗೊತ್ತಾ? "ಆಪರೇಷನ್ ಟೀಮ್ ಅಮ್ಮ, ಎಲ್ಲರೂ ಡಾಕ್ಟ್ರೇ" ಅಂದೆ. ಸುಳ್ಳು. ನಾವು ಡಾಕ್ಟರುಗಳಾಗಿರಲಿಲ್ಲ, ಆಪರೇಷನ್‌ಗೂ ನಮಗೂ ಸಂಬಂಧ ಇರಲಿಲ್ಲ. ಪಿಜಿ ಮಾಡುತ್ತಿದ್ದ ಅಕ್ಕ ಒಬ್ಬರಿಗೆ ಇದನ್ನು ಹೇಳಿದಾಗಲೇ ಆ "ಮಾಮೂಲಿ" ಮಾತು ಬಂದಿದ್ದು.

ಈಗ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಡಾಕ್ಟರುಗಳ ಮೇಲೆ ಸುಮ್ಮನೆ ಸಂಶಯ ಹುಟ್ಟುತ್ತೆ. ಅನಸ್ತೇಷಿಯಾ ಕೊಟ್ಟ ಮೇಲೆ ಆಪರೇಷನ್ ಮಾಡುವ ಡಾಕ್ಟರು ಒಳಪರೀಕ್ಷೆ ಮಾಡುವುದು ಸರಿಯಾದ ಕ್ರಮ, ಬೇಕಾದದ್ದು. ಎಚ್ಚರ ಇದ್ದಾಗ ಎಷ್ಟೇ ಸಮಾಧಾನ ಹೇಳಿದರೂ ಹೊಟ್ಟೆಯ ಸ್ನಾಯು ಬಿಗಿಯಾಗುತ್ತೆ, ತೊಡೆ ಬಿಗಿಯಾಗುತ್ತೆ. ಅನಸ್ತೇಷಿಯಾದಲ್ಲಿ ಎಲ್ಲ ಸಡಿಲ. ಒಂದು ಕೈಯ ಎರಡು ಬೆರಳು ಒಳಗಿನಿಂದ ಗರ್ಭಕೋಶದ ಬಾಯನ್ನು ಮೇಲಕ್ಕೆ ಎತ್ತುತ್ತವೆ, ಇನ್ನೊಂದು ಕೈ ಹೊಟ್ಟೆಯ ಮೇಲಿನಿಂದ ಒತ್ತುತ್ತೆ. ಎರಡರ ಮಧ್ಯೆ ಗರ್ಭಕೋಶ ಸಿಗುತ್ತೆ. ಅದು ಎಷ್ಟು ದೊಡ್ಡದು, ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ, ಕೈಗೆ ಅಲ್ಲಾಡುತ್ತೋ ಇಲ್ಲ ಸುತ್ತಲಿನದಕ್ಕೆ ಅಂಟಿಕೊಂಡಿದೆಯೋ, ಇದೆಲ್ಲ ಅಲ್ಲಿ ಗೊತ್ತಾಗುತ್ತೆ. ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ತೆಗೆಯಬಹುದಾ ಅನ್ನುವ ತೀರ್ಮಾನ ಕೆಲವೊಮ್ಮೆ ಆ ಒಂದು ನಿಮಿಷದಲ್ಲಿ ಬದಲಾಗಿಬಿಡುತ್ತೆ. ಅದು ಪೇಷೆಂಟಿಗೋಸ್ಕರ ಮಾಡಿದ ಪರೀಕ್ಷೆ. ಆಪರೇಷನ್‌ಗೆ ಒಪ್ಪಿಕೊಂಡಾಗಲೇ ಅದಕ್ಕೂ ಒಪ್ಪಿದಂತೆ ಅನ್ನಬಹುದು.

ಅದಾದ ಮೇಲೆ ಎರಡನೆಯವರು, ಮೂರನೆಯವರು, ನಾಲ್ಕನೆಯವರು ಮಾಡುವುದು ಬೇರೆ. ಬೆರಳು ಅದೇ ಜಾಗಕ್ಕೆ ಹೋಗುತ್ತೆ, ಆದರೆ ಪೇಷೆಂಟಿಗೆ ಅದರಿಂದ ಏನೂ ಸಿಗಲ್ಲ. ಸಿಗುವುದೆಲ್ಲ ವಿದ್ಯಾರ್ಥಿಗೆ. ಅದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಯಾರಾದರೂ ಯಾರ ಮೈಮೇಲಾದರೂ ಕಲಿಯಲೇಬೇಕು. ಆದರೆ ಅದು ಆಕೆ ಕೊಡುವ ಉಪಕಾರ. ಉಪಕಾರವನ್ನು ಕೇಳಿ ಪಡೆಯಬೇಕು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 2003ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಸುತ್ತಮುತ್ತಲಿನ ಐದು ಮೆಡಿಕಲ್ ಕಾಲೇಜುಗಳ 401 ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಸ್ತ್ರೀರೋಗ ವಿಭಾಗದ ಪೋಸ್ಟಿಂಗ್ ಮುಗಿಸಿದವರಲ್ಲಿ ನೂರಕ್ಕೆ 90 ಜನ, ಅನಸ್ತೇಷಿಯಾದಲ್ಲಿದ್ದ ಹೆಂಗಸರ ಮೇಲೆ ಒಳಪರೀಕ್ಷೆ ಕಲಿತಿದ್ದೇವೆ ಅಂದರು. ಆ 90 ಜನರಲ್ಲಿ ಎಲ್ಲರೂ ಕೇಳದೇ ಮಾಡಿದರು ಅಂತ ಅದರರ್ಥ ಅಲ್ಲ, ಆ ಅಂಕಿಯನ್ನು ಹಾಗೆ ಓದಬಾರದು. ಅದೇ ವರ್ಷ ಇಂಗ್ಲೆಂಡಿನ ಬ್ರಿಸ್ಟಲ್‌ನ ವಿದ್ಯಾರ್ಥಿಗಳ ಬಗ್ಗೆ ಬಂದ ಇನ್ನೊಂದು ಅಧ್ಯಯನದಲ್ಲಿ, ಮಂಪರಿನಲ್ಲಿ ಅಥವಾ ಅನಸ್ತೇಷಿಯಾದಲ್ಲಿ ನಡೆದ ಇಂಥ ಪರೀಕ್ಷೆಗಳಲ್ಲಿ ಸುಮಾರು ಕಾಲು ಭಾಗಕ್ಕೆ ಯಾವ ಒಪ್ಪಿಗೆಯೂ ಇರಲಿಲ್ಲ ಅನ್ನುವುದು ಹೊರಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳಲ್ಲ. ಫಿಲಡೆಲ್ಫಿಯಾದ ಅಧ್ಯಯನ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು. ಪೇಷೆಂಟಿನ ಒಪ್ಪಿಗೆ ಕೇಳುವುದು ನಿಮ್ಮ ಪ್ರಕಾರ ಎಷ್ಟು ಮುಖ್ಯ? ಸ್ತ್ರೀರೋಗ ಪೋಸ್ಟಿಂಗ್ ಇನ್ನೂ ಆಗದ ವಿದ್ಯಾರ್ಥಿಗಳು ತುಂಬ ಮುಖ್ಯ ಅಂದರು. ಪೋಸ್ಟಿಂಗ್ ಮುಗಿಸಿದವರಿಗೆ ಅದು ಅಷ್ಟು ಮುಖ್ಯ ಅನ್ನಿಸಿರಲಿಲ್ಲ. ನೋಡಿ, ಆ ಕೆಲವು ವಾರಗಳಲ್ಲಿ ಅವರು ಗರ್ಭಕೋಶ ಮುಟ್ಟಿ ಗುರುತಿಸೋದನ್ನು ಕಲಿತರು, ಜೊತೆಗೆ ಕೇಳಬೇಕಿಲ್ಲ ಅನ್ನೋದನ್ನೂ ಕಲಿತರು. ಪಾಠದಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ ಅದು. ಸರ್ ಹೇಳಿದರು, ಮುಂದಿನವರು ಮಾಡಿದರು, ಸಿಸ್ಟರ್ ಸುಮ್ಮನಿದ್ದರು, ಮಾರ್ಕ್ಸ್ ಸರ್ ಕೈಯಲ್ಲಿದೆ. ನನಗೂ ಹಾಗೇ ಆಗಿದ್ದು. ಆ ಅಧ್ಯಯನ ಬರೆದ ಮೂವರಲ್ಲಿ ಒಬ್ಬರಾದ ಏರಿ ಸಿಲ್ವರ್-ಐಸೆನ್‌ಸ್ಟಾಟ್ ತಾವು ವಿದ್ಯಾರ್ಥಿಯಾಗಿದ್ದಾಗ ಒಪ್ಪಿಗೆ ಇಲ್ಲದೆ ಈ ಪರೀಕ್ಷೆ ಮಾಡಲ್ಲ ಅಂತ ಹಿಂದೆ ಸರಿದವರು. ಹಾಗೆ ಹೇಳೋಕೆ ಎಷ್ಟು ಧೈರ್ಯ ಬೇಕು ಅಂತ ಆ ಸಾಲಿನಲ್ಲಿ ನಿಂತವರಿಗೆ ಗೊತ್ತು. ನನಗಿರಲಿಲ್ಲ.

ಆ ವರ್ಷವೇ ಕ್ಯಾಲಿಫೋರ್ನಿಯಾ ಇದರ ವಿರುದ್ಧ ಕಾನೂನು ತಂದಿತು. ಒಂದೊಂದೇ ರಾಜ್ಯ ಸೇರುತ್ತಾ ಹೋಗಿ, 2024ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ, ವಿದ್ಯಾರ್ಥಿಗಳು ಕಲಿಕೆಗಾಗಿ ಮಾಡುವ ಇಂಥ ಪರೀಕ್ಷೆಗೆ ಪೇಷೆಂಟಿನ ತಿಳಿದ ಒಪ್ಪಿಗೆ ಬೇಕೇ ಬೇಕು ಅಂತ ಆಸ್ಪತ್ರೆಗಳಿಗೆ ಸ್ಪಷ್ಟವಾಗಿ ಹೇಳಿತು. ಇಪ್ಪತ್ತೊಂದು ವರ್ಷ ಹಿಡಿಯಿತು ಅಷ್ಟಕ್ಕೆ.

ಯಾಕೆ ಅಷ್ಟು ತಡ? ಸೀನಿಯರುಗಳು ಯಾವಾಗಲೂ ಹೇಳುವ ಒಂದೇ ಭಯ, "ಕೇಳಿದರೆ ಯಾರೂ ಒಪ್ಪಲ್ಲ. ಹುಡುಗರು ಕಲಿಯೋದು ಎಲ್ಲಿ?" ಅಂತ. ಕೆನಡಾದಲ್ಲಿ ಒಂದು ತಂಡ ಈ ಪ್ರಶ್ನೆಯನ್ನು ಹೆಂಗಸರನ್ನೇ ಕೇಳಿತು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇದ್ದವರು 102 ಜನ, ದೊಡ್ಡ ಸಂಖ್ಯೆಯೇನಲ್ಲ. ನೂರಕ್ಕೆ 72 ಜನ, ನಮ್ಮನ್ನು ಮೊದಲೇ ಕೇಳುತ್ತಾರೆ ಅಂತ ಅಂದುಕೊಂಡಿದ್ದೇವೆ ಅಂದರು. ಕೇಳಿದರೆ ಒಪ್ಪುತ್ತೇವೆ ಅಂದವರು 62. ಖಂಡಿತ ಬೇಡ ಅಂದವರು 14. ಉಳಿದವರದ್ದು ಷರತ್ತು, ಅನುಮಾನ. ಅಂದರೆ ಕೇಳದೇ ಮಾಡಿದಾಗ ಕಳ್ಳತನ ಅನ್ನಿಸುವ ಅದೇ ಕೆಲಸವನ್ನು, ಕೇಳಿದ್ದರೆ ಅರ್ಧಕ್ಕಿಂತ ಹೆಚ್ಚು ಜನ ತಾವಾಗೇ ಕೊಡುತ್ತಿದ್ದರು. ಕೆನಡಾದ ಹೆಂಗಸರ ಉತ್ತರವೇ ನಮ್ಮೂರ ಹೆಂಗಸರದ್ದೂ ಆಗಿರುತ್ತೆ ಅಂತ ನಾನು ಹೇಳಲ್ಲ. ಆದರೆ ನಾನು ಕೇಳೋಕೆ ಶುರು ಮಾಡಿದ ಮೇಲೆ ಕಂಡದ್ದು ಇದಕ್ಕಿಂತ ತುಂಬ ಬೇರೆಯಾಗಿಲ್ಲ.

ನಮ್ಮ ದೇಶದ ಕಾನೂನಿಗೆ ಬರೋಣ. ವಿದ್ಯಾರ್ಥಿಗಳ ವಿಷಯವೇ ಅಲ್ಲದ, ಆದರೆ ಇದಕ್ಕೆ ತುಂಬ ಹತ್ತಿರದ ಒಂದು ತೀರ್ಪು ಇದೆ. 2008ರ ಸಮೀರಾ ಕೊಹ್ಲಿ ಪ್ರಕರಣ. ಲ್ಯಾಪರೋಸ್ಕೋಪಿ ಮಾಡಿ ತೊಂದರೆ ಏನು ಅಂತ ನೋಡೋಕೆ ಒಪ್ಪಿ ಟೇಬಲ್ ಮೇಲೆ ಮಲಗಿದ ಮಹಿಳೆ. ಆಕೆ ಪ್ರಜ್ಞೆ ಇಲ್ಲದೆ ಮಲಗಿರುವಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಆಕೆ ವಯಸ್ಕಳು, ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಎಚ್ಚರ ಆಗುವವರೆಗೆ ಕಾಯಬಹುದಿತ್ತು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಬರಲ್ಲ, ತಾಯಿಯ ಒಪ್ಪಿಗೆ ಮಗಳದ್ದಾಗಲ್ಲ. ಇದರ ಪಕ್ಕದಲ್ಲಿ ನಮ್ಮ ಓಟಿಯ ಸಾಲನ್ನು ಇಟ್ಟು ನೋಡಿ. ಆಪರೇಷನ್‌ಗೆ ಹಾಕಿದ ಸಹಿ ಪಾಠಕ್ಕೂ ಆಗುತ್ತೆ ಅಂತ ಯಾವ ಬಾಯಲ್ಲಿ ಹೇಳೋದು?

ಫಾರಂನಲ್ಲಿ ಬರೆದಿರುತ್ತೆ ಅನ್ನಬಹುದು. ಟೀಚಿಂಗ್ ಆಸ್ಪತ್ರೆಗಳ ಕನ್ಸೆಂಟ್ ಫಾರಂಗಳಲ್ಲಿ ನಾನು ನೋಡಿರುವ ಸಾಲು ಸಾಮಾನ್ಯವಾಗಿ ಹೀಗಿರುತ್ತೆ: ಶೈಕ್ಷಣಿಕ ಉದ್ದೇಶಕ್ಕಾಗಿ ವಿದ್ಯಾರ್ಥಿಗಳ ಉಪಸ್ಥಿತಿಗೆ ನನ್ನ ಅಭ್ಯಂತರವಿಲ್ಲ. ಉಪಸ್ಥಿತಿ ಅಂದರೆ ನಿಂತು ನೋಡುವುದು. ಯೋನಿಯೊಳಗೆ ಬೆರಳು ಇಡುವುದು ಉಪಸ್ಥಿತಿ ಅಲ್ಲ. ಅದೂ ಆ ಫಾರಂ ಎಷ್ಟೋ ಸಲ ತುಂಬುವುದು ಅಡ್ಮಿಷನ್ ಗಲಾಟೆಯಲ್ಲಿ, ಸಹಿ ಹಾಕುವುದು ಗಂಡನೋ ತಮ್ಮನೋ. ಪೇಷೆಂಟ್ ಟ್ರಾಲಿ ಮೇಲೆ ಮಲಗಿ, ಮಂಪರಿನ ಔಷಧಿ ಹತ್ತಿದ ಮೇಲೆ "ಅಮ್ಮ, ಸ್ಟೂಡೆಂಟ್ಸ್ ನೋಡಬಹುದಾ?" ಅಂತ ಕೇಳಿ, ಆಕೆ "ಹೂಂ" ಅಂದದ್ದನ್ನು ಒಪ್ಪಿಗೆ ಅಂತ ಬರೆದುಕೊಂಡವರನ್ನೂ ನೋಡಿದ್ದೇನೆ. ಆ ಹೊತ್ತಲ್ಲಿ ಏನು ಕೇಳಿದರೂ ಹೂಂ ಅಂತಾರೆ.

ಹಾಗಾದರೆ ಹೇಗೆ ಕೇಳೋದು? ಕೆಲವು ತಿಂಗಳ ಹಿಂದಿನ ಒಂದು ಕೇಸ್ ಹೇಳ್ತೀನಿ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ.

ಹಳ್ಳಿಯವರು, ನಲವತ್ತಾರು ವರ್ಷ. ಫೈಬ್ರಾಯ್ಡ್ ಗಡ್ಡೆಯಿಂದ ಗರ್ಭಕೋಶ ಹದಿನಾಲ್ಕು ವಾರದ ಗಾತ್ರಕ್ಕೆ ಬೆಳೆದಿತ್ತು. ನಾವು ಗರ್ಭಕೋಶದ ಗಾತ್ರವನ್ನು ಬಸುರಿನ ವಾರಗಳಲ್ಲೇ ಹೇಳೋದು. ಹದಿನಾಲ್ಕು ಅಂದರೆ ಕಿಬ್ಬೊಟ್ಟೆಯ ಮೂಳೆಯ ಮೇಲೆ ಕೈಗೆ ಗಟ್ಟಿಯಾಗಿ ಸಿಗುವಷ್ಟು. ಕಲಿಯೋಕೆ ಒಳ್ಳೇ ಕೇಸ್. ಆಪರೇಷನ್‌ಗೆ ಎರಡು ದಿನ ಮೊದಲು, ಓಪಿಡಿಯಲ್ಲಿ, ಆಕೆ ಬಟ್ಟೆ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತ ಮೇಲೆ ಕೇಳಿದೆ. ಇದೂ ಒಂದು ವಿಷಯವೇ. ಟೇಬಲ್ ಮೇಲೆ ಕಾಲು ಅಗಲಿಸಿ ಮಲಗಿದವರಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಗಂಡನನ್ನು ಹೊರಗೆ ಕೂರಿಸಿದ್ದೆ.

"ನಿಮಗೆ ಮತ್ತು ಬಂದ ಮೇಲೆ ನಾನೊಂದು ಸಲ ಒಳಗಡೆ ಕೈಯಿಟ್ಟು ನೋಡ್ತೀನಿ, ಅದು ಆಪರೇಷನ್‌ಗೆ ಬೇಕು. ಅದಾದ ಮೇಲೆ ಇಲ್ಲಿ ಕಲೀತಾ ಇರೋ ಮಕ್ಕಳು ಒಬ್ಬಿಬ್ಬರು ಹಾಗೇ ನೋಡಿ ಕಲೀಬಹುದಾ? ಅದರಿಂದ ನಿಮಗೇನೂ ಲಾಭ ಇಲ್ಲ, ಅವರಿಗೆ ಕಲಿಕೆ. ಬೇಡ ಅಂದ್ರೆ ಬೇಡ, ಆಪರೇಷನ್ ಹಂಗೇ ಮಾಡ್ತೀವಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ."

ಆಕೆ ಸ್ವಲ್ಪ ಯೋಚನೆ ಮಾಡಿದರು. "ಎಷ್ಟು ಜನ ಕಣವ್ವಾ?"

"ಇಬ್ಬರು."

"ಹೆಣ್ಮಕ್ಕಳಾ?"

"ನೀವು ಹೇಗೆ ಹೇಳಿದರೆ ಹಾಗೆ."

"ಹೆಣ್ಮಕ್ಕಳಾದ್ರೆ ನೋಡ್ಕಳ್ಲಿ ಬುಡಿ. ಮುಂಚೆ ಒಂದ್ ಸಲ ಬಂದು ಮುಖ ತೋರುಸ್ಲಿ."

ಈ ಕೊನೇ ಮಾತು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮುಖ ತೋರಿಸಬೇಕು, ಅಷ್ಟೇ. ಅವತ್ತಿನಿಂದ ನಮ್ಮ ಯೂನಿಟ್‌ನಲ್ಲಿ ಅದನ್ನೇ ಮಾಡಿಕೊಂಡಿದ್ದೇನೆ. ಪರೀಕ್ಷೆ ಮಾಡುವ ವಿದ್ಯಾರ್ಥಿ ಹಿಂದಿನ ದಿನ ವಾರ್ಡಿಗೆ ಹೋಗಿ, ತನ್ನ ಹೆಸರು ಹೇಳಿ, ತಾನೇ ಇನ್ನೊಂದು ಸಲ ಕೇಳಬೇಕು. ಕೇಸ್ ಶೀಟಿನಲ್ಲಿ ಯಾರು ಕೇಳಿದರು, ಏನು ಒಪ್ಪಿದರು, ಎಷ್ಟು ಜನ ಅಂತ ಎರಡು ಸಾಲು ಬರೆದು, ಅದರ ಕೆಳಗೆ ಪೇಷೆಂಟಿನದೇ ಸಹಿ ಅಥವಾ ಹೆಬ್ಬೆಟ್ಟು. ಓಟಿಯಲ್ಲಿ ಆ ಎರಡು ಸಾಲನ್ನು ಸಿಸ್ಟರ್ ಜೋರಾಗಿ ಓದುತ್ತಾರೆ. ಓದಲು ಸಾಲು ಇಲ್ಲದಿದ್ದರೆ ಯಾರೂ ಗ್ಲೌಸ್ ಹಾಕುವಂತಿಲ್ಲ.

ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಆಪರೇಷನ್ ದಿನ ಬ್ಯಾಚಿನಲ್ಲಿ ಮೂವರಿದ್ದರು, ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಆ ಹುಡುಗ ಪಕ್ಕಕ್ಕೆ ನಿಂತ. ಅವನ ಮುಖ ನೋಡಿ ನನಗೇ ಪಾಪ ಅನ್ನಿಸಿತು, ಏಕೆಂದರೆ ಗಂಡು ಹುಡುಗರಿಗೆ ಇಂಥ ಅವಕಾಶ ಕಡಿಮೆ ಸಿಗುತ್ತೆ ಅನ್ನುವುದು ನಿಜ, ಅವರಲ್ಲಿ ಎಷ್ಟೋ ಜನ ಮುಂದೆ ಪಿಎಚ್‌ಸಿಯಲ್ಲಿ ಒಬ್ಬರೇ ಡಾಕ್ಟರಾಗಿರುತ್ತಾರೆ. ನನ್ನ ಸಹೋದ್ಯೋಗಿ ಒಬ್ಬರು ಕಾಫಿ ಕುಡಿಯುವಾಗ, "ಹೀಗೆ ಪೇಷೆಂಟಿನ ಇಷ್ಟ ನೋಡ್ಕೊಂಡು ಕೂತರೆ ನಾಳೆ ನಿಮ್ಮ ಹುಡುಗನ ಕೈಯಲ್ಲಿ ಯಾರೋ ಸಾಯ್ತಾರೆ ಮೇಡಂ" ಅಂದರು. ಆ ಮಾತನ್ನು ನಾನು ತಳ್ಳಿಹಾಕಲಿಲ್ಲ. ಈಗಲೂ ತಲೆಯಲ್ಲಿದೆ.

ಆದರೆ ಅವರ ಮಾತಿನಲ್ಲಿ ಒಂದು ತಪ್ಪು ಎಣಿಕೆ ಇದೆ. ಅನಸ್ತೇಷಿಯಾದಲ್ಲಿ ಮಾಡಿದ ಪರೀಕ್ಷೆಯೇ ಪೂರ್ತಿ ಪಾಠ ಅಂತ ಅಂದುಕೊಂಡಿದ್ದಾರೆ. ಅಲ್ಲಿ ಕೈಗೆ ಗಾತ್ರ ಗೊತ್ತಾಗುತ್ತೆ ಅಷ್ಟೇ, ಅದೂ ಯಾವಾಗಲೂ ಅಲ್ಲ. ಅಂಡಾಶಯದ ಸಣ್ಣ ಗಡ್ಡೆಗಳು ಪಳಗಿದ ಕೈಗೂ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತವೆ, ಮೈ ದಪ್ಪ ಇದ್ದರೆ ಇನ್ನೂ ಕಷ್ಟ. ಆ ಪಿಎಚ್‌ಸಿ ಹುಡುಗನ ಮುಂದೆ ಬಂದು ಕೂರುವ ಹೆಂಗಸಿಗೆ ಎಚ್ಚರ ಇರುತ್ತೆ. ಕಿಬ್ಬೊಟ್ಟೆ ನೋವು, ಜ್ವರ ಅಂತ ಬಂದಿರುತ್ತಾಳೆ. ಗರ್ಭಕೋಶದ ಬಾಯನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿದಾಗ ಆಕೆ ಮುಖ ಕಿವುಚಿ ನೋವಿನಿಂದ ಮೇಲೆದ್ದರೆ, ಒಳಗೆ ಸೋಂಕು ಇರಬಹುದು, ಬಸಿರು ಕೊಳವೆಯಲ್ಲಿ ನಿಂತಿರಬಹುದು. ಜೀವ ಉಳಿಸುವ ಗುರುತು ಆ ನೋವು. ಅನಸ್ತೇಷಿಯಾದಲ್ಲಿ ಆ ನೋವು ಇಲ್ಲ, ಮುಖ ಬಟ್ಟೆಯ ಆಚೆ. ಸ್ಪೆಕ್ಯುಲಮ್ ಒಳಗೆ ಇಡುವಾಗ ಎಲ್ಲಿ ನಿಲ್ಲಿಸಬೇಕು, "ಉಸಿರು ಬಿಡಿ ಅಮ್ಮ" ಅಂತ ಯಾವಾಗ ಹೇಳಬೇಕು, ಬೇಡ ಅಂದಾಗ ಕೈ ತೆಗೆಯಬೇಕು, ಇದು ಯಾವುದನ್ನೂ ಮಲಗಿರುವ ಮೈ ಹೇಳಿಕೊಡಲ್ಲ.

ಇದಕ್ಕೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕ್ರೆಚ್ಮರ್ ಅನ್ನುವ ಸ್ತ್ರೀರೋಗ ತಜ್ಞರು ಒಂದು ದಾರಿ ಹುಡುಕಿದರು. 1968ರಲ್ಲಿ ಶುರು ಮಾಡಿದಾಗ, ಒಪ್ಪಿ ಬಂದ ಒಬ್ಬ ನರ್ಸ್ ಮೇಲೆ ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಆಕೆ ಯಾರು ಅಂತ ಗೊತ್ತಾಗಬಾರದು ಅಂತ ಅಡ್ಡ ಪರದೆ ಇರುತ್ತಿತ್ತು, ಆಕೆ ಮಾತಾಡುತ್ತಿರಲಿಲ್ಲ. ಒಪ್ಪಿಗೆ ಇತ್ತು, ಆದರೂ ಅರ್ಧ ಪಾಠವೇ. 1972ರ ಹೊತ್ತಿಗೆ ಅವರು ಪರದೆಯನ್ನೇ ತೆಗೆದರು. ತರಬೇತಿ ಪಡೆದ, ಸಂಬಳ ತೆಗೆದುಕೊಳ್ಳುವ ಹೆಂಗಸರು ತಾವೇ ಮೇಷ್ಟ್ರಾದರು. "ನಿನ್ನ ಬೆರಳು ಇನ್ನೂ ಸ್ವಲ್ಪ ಕೆಳಗೆ, ಹಾಂ ಈಗ ಸಿಕ್ತು. ಈಗ ಒತ್ತಿದ್ದು ನೋವಾಯ್ತು" ಅಂತ ತಮ್ಮ ಮೈಮೇಲೆ ತಾವೇ ಹೇಳಿಕೊಡುವವರು. ಬೇರೆ ಬೇರೆ ದೇಶಗಳ ಕಾಲೇಜುಗಳಲ್ಲಿ ಇವತ್ತೂ ಈ ಪದ್ಧತಿ ಇದೆ. ನಾನು ಕೆಲಸ ಮಾಡಿದ ಕಡೆಯೆಲ್ಲೂ ಇರಲಿಲ್ಲ, ನಮ್ಮ ಸಮಾಜದಲ್ಲಿ ಆ ಕೆಲಸಕ್ಕೆ ಬರುವವರನ್ನು ಜನ ಹೇಗೆ ನೋಡುತ್ತಾರೆ ಅನ್ನೋದು ನಿಮಗೂ ಗೊತ್ತು. ನಮ್ಮ ಹುಡುಗರಿಗೆ ಮೊದಲು ರಬ್ಬರಿನ ಬೊಂಬೆ, ಆಮೇಲೆ ಓಪಿಡಿಯಲ್ಲಿ ಒಪ್ಪಿದ ಪೇಷೆಂಟ್, ನಾನು ಪಕ್ಕದಲ್ಲಿ ನಿಂತು. ಆ ಹುಡುಗನಿಗೆ ಮುಂದಿನ ವಾರವೇ ಒಬ್ಬ ಅಜ್ಜಿ ಸಿಕ್ಕರು. ಗರ್ಭಕೋಶ ಜಾರಿದ್ದಕ್ಕೆ ಬಂದವರು. "ನನ್ನ ಮೊಮ್ಮಗನ ವಯಸ್ಸು, ಕಲ್ತ್ಕೊಳ್ಳಲಿ" ಅಂದರು. ಸ್ವಲ್ಪ ಒರಟಾದಾಗ ಬೈದರು ಕೂಡ. ಅನಸ್ತೇಷಿಯಾದಲ್ಲಿ ಇದ್ದಿದ್ದರೆ ಆ ಬೈಗುಳ ಅವನಿಗೆ ಸಿಗುತ್ತಿರಲಿಲ್ಲ.

ಓದುತ್ತಿರುವವರಲ್ಲಿ ತುಂಬ ಜನ ಡಾಕ್ಟರುಗಳಲ್ಲ. ಆದರೆ ಅಮ್ಮನ, ಅತ್ತೆಯ ಆಪರೇಷನ್‌ಗೆ ರಜೆ ಹಾಕಿ ಹೋಗಿ, ಕೌಂಟರಿನಲ್ಲಿ ಫಾರಂ ತುಂಬುವವರು ನೀವೇ. ಟೀಚಿಂಗ್ ಆಸ್ಪತ್ರೆಯಾದರೆ ಸಹಿಗೆ ಮೊದಲು ಒಂದು ಪ್ರಶ್ನೆ ಕೇಳಿ. ಮತ್ತು ಬಂದ ಮೇಲೆ ವಿದ್ಯಾರ್ಥಿಗಳು ಒಳಪರೀಕ್ಷೆ ಮಾಡ್ತಾರಾ, ಎಷ್ಟು ಜನ? ಉತ್ತರವನ್ನು ಅಮ್ಮನಿಗೆ ಹೇಳಿ, ತೀರ್ಮಾನ ಅಮ್ಮನಿಗೇ ಬಿಡಿ. ಬೇಡ ಅಂದರೆ ಫಾರಂ ಮೇಲೆ ಪೆನ್ನಿನಲ್ಲಿ ಹಾಗೇ ಬರೆದು ಅಮ್ಮನ ಸಹಿ ಹಾಕಿಸಿ. ಅಪ್ಪನ ಪ್ರಾಸ್ಟೇಟ್ ಆಪರೇಷನ್‌ಗೂ ಇದೇ ಮಾತು, ಅಲ್ಲಿ ಗುದದ್ವಾರದ ಪರೀಕ್ಷೆ.

ತಂಗಿಗೆ ಅವತ್ತು ಏನು ಹೇಳಿದೆ ಅಂತ ಕೇಳ್ತೀರಿ. ಅವಳಿಗೆ ಮಾರನೇ ದಿನ ಹೋಗಿ ಆ ಆಂಟಿಯ ಹತ್ತಿರ ಎಲ್ಲ ಹೇಳಿ ಕ್ಷಮೆ ಕೇಳಬೇಕು ಅಂತಿತ್ತು. ಬೇಡ ಅಂದೆ. ಹೊಲಿಗೆ ನೋವಿನಲ್ಲಿ ಮಲಗಿದವರ ಮೇಲೆ ನಿನ್ನ ಪಾಪ ಇಳಿಸಿ ಹಗುರ ಆಗಬೇಡ, ಒಬ್ಬಳೇ ಅಂತೂ ಹೋಗಲೇಬೇಡ. ಇದನ್ನು ಹೇಳಬೇಕಾದವರು ನಿಮ್ಮ ಯೂನಿಟ್ ಚೀಫ್. ಅವರ ಹತ್ತಿರ ಹೋಗಿ ಹೇಳು ಅಂದೆ. ಆದರೆ ಆ ಆಂಟಿ ತಾವಾಗೇ ಕೇಳಿದರೆ, ನಾನು ಹೇಳಿದಂಥ ಸುಳ್ಳು ಹೇಳಬೇಡ. ಇದು ಸರಿಯಾದ ಸಲಹೆಯೋ ಅಲ್ಲವೋ, ಈಗಲೂ ನನಗೆ ಪೂರ್ತಿ ಸಮಾಧಾನ ಇಲ್ಲ.

ಚೀಫ್ ಹತ್ತಿರ ಹೋಗಿದ್ದಳು. "ನಮ್ಮ ಕಾಲದಿಂದ ಹೀಗೇ ನಡ್ಕೊಂಡು ಬಂದಿದೆ, ನೀನು ಚೆನ್ನಾಗಿ ಓದು" ಅಂದರಂತೆ. ಮುಂದಿನ ಓಟಿ ದಿನ ಸರ್ ಕರೆದಾಗ ಇವಳು ಗ್ಲೌಸ್ ಹಾಕಿಕೊಳ್ಳಲಿಲ್ಲ. "ಸರ್, ಪೇಷೆಂಟನ್ನ ಕೇಳಿಲ್ಲ" ಅಂದಳು. ಓಟಿ ಒಂದು ನಿಮಿಷ ತಣ್ಣಗಾಯಿತಂತೆ. ಆಮೇಲೆ ಸರ್ ಬೇರೆಯವರನ್ನು ಕರೆದರು, ಅವರು ಹೋದರು. ಇಂಟರ್ನಲ್ಸ್ ಮಾರ್ಕ್ಸ್ ಇನ್ನೂ ಬಂದಿಲ್ಲ. ಚಿಕ್ಕಮ್ಮನಿಗೆ ಈ ವಿಷಯ ಹೇಳಿಲ್ಲ, ನೀವೂ ಹೇಳಬೇಡಿ.

ನನ್ನ ಫೈಬ್ರಾಯ್ಡ್ ಪೇಷೆಂಟ್ ಆಪರೇಷನ್ ಆದ ಎರಡನೇ ದಿನ ಗೋಡೆಗೆ ದಿಂಬು ಇಟ್ಟುಕೊಂಡು ಕೂತು ಗಂಜಿ ಕುಡಿಯುತ್ತಿದ್ದರು. ರೌಂಡ್ಸ್‌ಗೆ ಹೋದಾಗ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನಿಂತಿದ್ದ ಹುಡುಗಿಯನ್ನು ಹತ್ತಿರ ಕರೆದರು.

"ಗಡ್ಡೆ ಕೈಗೆ ಸಿಕ್ತೇನವ್ವಾ?"

"ಸಿಕ್ತು ಅಮ್ಮ. ಬಲಗಡೆ ಇತ್ತು."

"ಎಷ್ಟು ದಪ್ಪ?"

ಅವಳು ಮುಷ್ಟಿ ಹಿಡಿದು ತೋರಿಸಿದಳು.